ಒಂದು ಹಾಳೆಗೆ ನಾಲ್ಕು

ಬೆಳಿಗ್ಗೆ ಎಂಟೂವರೆಗೆ ನನ್ನ ದೊಡ್ಡ ಪ್ರಿಂಟರ್ ಕೈಕೊಟ್ಟಿತು. ಕೈಕೊಡುವುದಕ್ಕೂ ಒಂದು ಹೊತ್ತು ಗೊತ್ತು ಬೇಡವೇ? ಸೋಮವಾರವೇ ಆಗಬೇಕು, ಹತ್ತು ಗಂಟೆಗೆ ಕ್ಲಾಸು ಇರುವ ದಿನವೇ ಆಗಬೇಕು. ಮುಚ್ಚಳ ತೆರೆದೆ, ಸಿಕ್ಕಿಕೊಂಡ ಕಾಗದ ಎಳೆದೆ, ಮುಚ್ಚಳ ಹಾಕಿದೆ. ಮತ್ತೆ ಅದೇ ಕೆಂಪು ದೀಪ. ರಿಪೇರಿಯವನಿಗೆ ಫೋನು ಹಚ್ಚಿದರೆ, ‘ಮಧ್ಯಾಹ್ನದ ಮೇಲೆ ನೋಡೋಣ’ ಎಂದು ಇಟ್ಟುಬಿಟ್ಟ. ಅವನ ನೋಡೋಣ ಎಂದರೆ ನಾಡಿದ್ದು ಎಂದು ಅರ್ಥ.

ಆಸ್ಪತ್ರೆಯ ನೆಲಮಹಡಿಯಲ್ಲಿ, ಔಷಧಿ ಉಗ್ರಾಣಕ್ಕೂ ಲಿಫ್ಟಿಗೂ ನಡುವೆ ಇಕ್ಕಟ್ಟಾಗಿ ಕೂತಿರುವ ಪ್ರಿಂಟ್ ರೂಮು ನನ್ನದು. ನನ್ನದು ಎಂದರೆ ಆಸ್ತಿಯಲ್ಲ, ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೂತಿರುವವಳು ನಾನೊಬ್ಬಳೇ ಎಂದಷ್ಟೇ. ಡಾಕ್ಟರಿಂದ ಹಿಡಿದು ಗೇಟಿನವರ ತನಕ ಎಲ್ಲರೂ ನನ್ನನ್ನು ಕಾಗದದಕ್ಕ ಎನ್ನುತ್ತಾರೆ. ಅಕ್ಕ ಅನ್ನುವುದು ಪ್ರೀತಿಗೆ, ಆದರೆ ‘ಅಕ್ಕಾ, ಐದೇ ನಿಮಿಷದ ಕೆಲಸ’ ಎಂದು ಬಾಗಿಲಲ್ಲಿ ತಲೆ ಹಾಕಿದರೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ. ಐದು ನಿಮಿಷದ ಕೆಲಸವಾದರೆ ನೀವೇ ಮಾಡಿಕೊಳ್ಳಬಹುದಲ್ಲ!

ಒಂಬತ್ತಕ್ಕೆ ಹಾಗೆ ತಲೆ ಹಾಕಿದವರು ಪಾಠದ ಸಿಸ್ಟರ್. ಮನೆಗೆ ಹೋಗುವ ರೋಗಿಗಳ ಕಡೆಯವರಿಗೆ ಆರೈಕೆ ಕಲಿಸುವುದು ಅವರ ಕೆಲಸ. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿಸಿಕೊಂಡವರಿಗೆ ಮನೆಯಲ್ಲಿ ಊಟ ಕೊಡುವುದು ಹೇಗೆ ಎಂಬುದು ಆ ದಿನದ ಪಾಠ.

“ಅಕ್ಕಾ, ಎಂಟು ಚಿತ್ರ ಇದೆ. ಅರವತ್ತು ಸೆಟ್ ಬೇಕು, ಈ ತಿಂಗಳಿಗೆಲ್ಲ ಆಗತ್ತೆ,” ಎಂದು ಪೆನ್‌ಡ್ರೈವ್ ಮುಂದಿಟ್ಟರು.

“ಎಂಟು ಚಿತ್ರ ಅಂದ್ರೆ ಎಂಟು ಹಾಳೆನಾ? ಅರವತ್ತು ಎಂಟ್ಲೆ ಎಷ್ಟಾಯ್ತು ಲೆಕ್ಕ ಹಾಕಿ. ಆಮೇಲೆ ಈ ಮುದುಕನ್ನ ನೋಡಿ,” ಎಂದು ಮೂಲೆಯಲ್ಲಿದ್ದ ಹಳೇ ಪ್ರಿಂಟರ್ ತೋರಿಸಿದೆ. ದೊಡ್ಡದು ಕೆಟ್ಟಾಗ ಮಾತ್ರ ಅದನ್ನು ಧೂಳು ಕೊಡವಿ ಎಬ್ಬಿಸುವುದು.

“ಎಂಟು ಹಾಳೆ ಕೊಟ್ರೆ ಮನೇಲಿ ನಾಲ್ಕು ಕಳೆದುಹೋಗತ್ತೆ. ಗೋಡೆಗೆ ಅಂಟಿಸ್ಕೊಳೋ ಹಾಗೆ ಇರ್ಬೇಕು. ಒಂದು ಹಾಳೇಲಿ ನಾಲ್ಕು ಚಿತ್ರ ಬರ್ಸೋಕಾಗಲ್ವಾ?”

“ಆಗದೆ ಏನು? ಪೇಜಸ್ ಪರ್ ಶೀಟ್ ಅಂತ ಇದೆ, ಅಲ್ಲಿ ನಾಲ್ಕು ಅಂತ ಹಾಕಿದ್ರೆ ನಾಲ್ಕು ಪುಟಾನೂ ಚಿಕ್ಕದು ಮಾಡಿ ಒಂದೇ ಮುಖದ ಮೇಲೆ ಕೂರ್ಸತ್ತೆ. ಎಡಗಡೆಯಿಂದ ಬಲಕ್ಕೆ ಎರಡು, ಆಮೇಲೆ ಕೆಳಗೆ ಎರಡು. ಗೋಡೆಗೆ ಅಂಟಿಸೋದಾದ್ರೆ ಒಂದೇ ಬದಿಗೆ ಹಾಕ್ತೀನಿ. ಹಿಂದೆ ಮುಂದೆ ಹಾಕಿದ್ರೆ ಹಿಂದಿಂದು ಗೋಡೆ ಓದ್ಬೇಕಾಗತ್ತೆ.”

ಸಿಸ್ಟರ್ ನಕ್ಕರು. ಅವರಿಗೆ ಇನ್ನೂ ಮೂವತ್ತು ದಾಟಿಲ್ಲ, ನಾನು ಏನು ಬೈದರೂ ನಗುತ್ತಾರೆ. ಎಂಟು ಚಿತ್ರಕ್ಕೆ ಎರಡು ಹಾಳೆ, ಅರವತ್ತು ಸೆಟ್ಟಿಗೆ ನೂರಿಪ್ಪತ್ತು. ಹತ್ತಕ್ಕೆ ಕ್ಲಾಸು. ನಾನು ಆಗಲೇ ಗಡಿಯಾರ ನೋಡಲು ಶುರುಮಾಡಿದ್ದೆ.

ಮೊದಲು ಹತ್ತು ಸೆಟ್ ಕೊಟ್ಟು ನೋಡಿದೆ. ಮುದುಕ ಗೊರಗೊರ ಎಂದು ಶುರುಮಾಡಿದ. ಒಂದನೇ ಹಾಳೆ ಬಂತು, ಮತ್ತೆ ಒಂದನೇ ಹಾಳೆ, ಮತ್ತೆ ಅದೇ. ಹತ್ತೂ ಒಂದನೆಯದೇ ಬಂದ ಮೇಲೆ ಎರಡನೆಯದು ಶುರುವಾಯಿತು.

“ಇದೇನಕ್ಕಾ, ಒಂದೇ ಹಾಳೆ ಬರ್ತಾ ಇದೆ?”

“ಕೊಲೇಟ್ ತೆಗೆದಿದ್ದೆ, ಮೊನ್ನೆಯಿಂದ ಹಾಗೇ ಇದೆ. ನಿಮ್ಮ ಫಿಸಿಯೋ ಸರ್ ಇದ್ದಾರಲ್ಲ, ಫಿಸಿಯೋಥೆರಪಿ ಹುಡುಗ್ರಿಗೆ ಪಾಠ ಮಾಡೋರು, ಅವರಿಗೆ ಹೀಗೇ ಬೇಕು. ಕ್ಲಾಸಲ್ಲಿ ಒಂದೊಂದೇ ಹಾಳೆ ಹಂಚ್ತಾರೆ. ಮೊದಲೇ ಎಲ್ಲ ಕೊಟ್ರೆ ಹುಡುಗ್ರು ಮುಂದಿನದು ಓದ್ಕೊಂಡು ಕೂರ್ತಾರಂತೆ. ಅದಕ್ಕೆ ಒಂದನೇದೆಲ್ಲ ಒಂದು ಗುಡ್ಡೆ, ಎರಡನೇದೆಲ್ಲ ಇನ್ನೊಂದು ಗುಡ್ಡೆ. ಕೊಲೇಟ್ ಹಾಕಿದ್ರೆ ಒಂದು, ಎರಡು, ಮತ್ತೆ ಒಂದು, ಎರಡು, ಹೀಗೆ ಸೆಟ್ಟು ಸೆಟ್ಟಾಗೇ ಬರತ್ತೆ. ತಗೊಂಡು ಪಿನ್ ಹೊಡೆಯೋದಷ್ಟೇ ಕೆಲಸ.”

ಕೊಲೇಟ್‌ಗೆ ಗುರುತು ಹಾಕಿ ಮತ್ತೆ ಬಿಟ್ಟೆ. ಈ ಸಲ ಸೆಟ್ಟು ಸೆಟ್ಟಾಗಿ ಬಂತು, ಆದರೆ ಕ್ರಮ ತಲೆಕೆಳಗು. ನನ್ನ ದೊಡ್ಡ ಪ್ರಿಂಟರ್ ಹಾಳೆಯನ್ನು ಮುಖ ಕೆಳಗೆ ಮಾಡಿ ಉಗುಳುತ್ತದೆ. ಒಂದನೆಯದರ ಬೆನ್ನ ಮೇಲೆ ಎರಡನೆಯದು ಬೀಳುತ್ತದೆ, ಗುಡ್ಡೆಯನ್ನು ಎತ್ತಿ ಮಗುಚಿದರೆ ಒಂದನೆಯದೇ ಮೇಲೆ. ಈ ಮುದುಕನದು ಹಿಂದಿನ ಕಾಲದ ಬಾಯಿ, ಮುಖ ಮೇಲೆ ಮಾಡಿಯೇ ಉಗುಳುತ್ತಾನೆ. ಮೊದಲು ಬಂದದ್ದು ಅಡಿಗೆ ಹೋಗುತ್ತದೆ, ಕೊನೆಯದು ಮೇಲೆ ಬಂದು ಕೂರುತ್ತದೆ. ಹಾಗಾಗಿ ಪ್ರತಿ ಸೆಟ್ಟಿನಲ್ಲೂ ಎರಡನೇ ಹಾಳೆ ಮೇಲೆ, ಒಂದನೆಯದು ಕೆಳಗೆ. ಅರವತ್ತು ಸೆಟ್ಟನ್ನು ಕೈಯಲ್ಲಿ ಅದಲುಬದಲು ಮಾಡುತ್ತಾ ಕೂತರೆ ಹತ್ತು ಗಂಟೆ ನನಗಾಗಿ ನಿಲ್ಲುವುದಿಲ್ಲ.

“ಅದಕ್ಕೂ ಮದ್ದಿದೆ,” ಎಂದೆ. ಎಷ್ಟು ಜಂಬದಿಂದ ಎಂದೆ ಎಂಬುದು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. “ರಿವರ್ಸ್ ಆರ್ಡರ್. ಕೊನೇದನ್ನ ಮೊದಲು ಅಚ್ಚು ಹಾಕ್ಸೋದು. ಆಗ ಒಂದನೇದು ಕೊನೇಗೆ ಬಂದು ಮೇಲೆ ಕೂರತ್ತೆ.”

ಪರದೆಯ ಮೇಲೆ ಮೊದಲು ತೆರೆದುಕೊಂಡ ಕಿಟಕಿಯಲ್ಲೇ ರಿವರ್ಸ್ ಎಂದಿತ್ತು. ಗುರುತು ಹಾಕಿದೆ, ಅರವತ್ತು ಎಂದು ಒತ್ತಿದೆ. ಸೆಟ್ಟುಗಳು ಬೀಳತೊಡಗಿದವು. ಮೇಲಿನ ಹಾಳೆಯನ್ನು ಸಿಸ್ಟರ್ ಎತ್ತಿಕೊಂಡರು, ನಾನೂ ಇಣುಕಿದೆ.

“ಕೈ ತೊಳೆಯೋದು ಇದೆ, ಕೂರ್ಸೋದು ಇದೆ, ನಳಿಕೆ ಗುರುತು ನೋಡೋದು ಇದೆ, ನೀರು ಹಾಕೋದು. ಸರಿ, ಇದು ಒಂದನೇ ಹಾಳೆ. ಊಟ ಹಾಕೋದೆಲ್ಲ ಎರಡನೇದ್ರಲ್ಲಿ. ಭೇಷ್ ಅಕ್ಕಾ!”

“ಚಿತ್ರಕ್ಕೆ ನಂಬರ್ ಹಾಕಿಲ್ವಲ್ಲ ನೀವು?”

“ನಂಬರ್ ಹಾಕಿದ್ರೆ ಪರೀಕ್ಷೆ ಅನ್ಕೊಂಡು ಹೆದರ್ತಾರೆ. ಹೇಗೂ ಸಾಲಾಗಿ ಇದೆಯಲ್ಲ.”

ಪಿನ್ ಹೊಡೆದು, ಡಬ್ಬಿಯಲ್ಲಿ ತುಂಬಿ ಕಳಿಸಿದೆ. ಹತ್ತಕ್ಕೆ ನಾಲ್ಕು ನಿಮಿಷ ಇತ್ತು. ಇಬ್ಬರೂ ನೋಡಿದ್ದೆವು, ಇಬ್ಬರಿಗೂ ಕಾಣಲಿಲ್ಲ. ಸಿಸ್ಟರಿಗೆ ಆ ಕೆಲಸ ನಿದ್ದೆಗಣ್ಣಲ್ಲೂ ಬರುತ್ತದೆ, ಅವರು ನೋಡಿದ್ದು ನಾಲ್ಕು ಚಿತ್ರ ಇವೆಯೇ ಎಂದು. ನಾನು ನೋಡಿದ್ದು ಹಾಳೆ ಸರಿಯಾಗಿ ಬಿದ್ದಿದೆಯೇ ಎಂದು. ಯಾವ ಚಿತ್ರ ಮೊದಲು, ಯಾವುದು ಆಮೇಲೆ ಎಂದು ಯಾರೂ ನೋಡಲಿಲ್ಲ.

ಗೊತ್ತಾದದ್ದು ಹನ್ನೊಂದೂವರೆ ದಾಟಿದ ಮೇಲೆ, ಫಿಸಿಯೋ ಸರ್ ಕಳಿಸಿದ ಕೆಲಸದಿಂದ. ಹದಿನೆಂಟು ಪುಟ, ಒಂದು ಹಾಳೆಗೆ ಆರು. ಅವರ ಪುಟಗಳ ಮೂಲೆಯಲ್ಲಿ ದಪ್ಪಗೆ ಅಂಕೆ ಇರುತ್ತದೆ. ಬೆಳಗಿನ ಗುರುತುಗಳನ್ನು ಹಾಗೇ ಇಟ್ಟು, ನಾಲ್ಕನ್ನು ಆರು ಮಾಡಿ ಒತ್ತಿದೆ. ಮೂರು ಹಾಳೆ ಬಂತು. ಮೇಲಿನದನ್ನು ಎತ್ತಿದೆ. ಮೇಲಿನ ಸಾಲಿನಲ್ಲಿ ಆರು, ಐದು, ನಾಲ್ಕು. ಕೆಳಗಿನ ಸಾಲಿನಲ್ಲಿ ಮೂರು, ಎರಡು, ಒಂದು.

ಒಂದು ಕ್ಷಣ ಸಿಟ್ಟು ಬಂತು, ಮುದುಕನ ಮೇಲೆ. ಮರುಕ್ಷಣ ಬೆಳಗಿನ ಅರವತ್ತು ಸೆಟ್ಟು ನೆನಪಾಯಿತು. ಆ ಕಿಟಕಿಯ ರಿವರ್ಸ್ ಹಾಳೆಗಳನ್ನು ತಿರುಗಿಸುತ್ತಿರಲಿಲ್ಲ, ಪುಟಗಳನ್ನು ತಿರುಗಿಸುತ್ತಿತ್ತು. ಕೊನೆಯ ಪುಟದಿಂದ ಹಿಂದಕ್ಕೆ ಹಿಂದಕ್ಕೆ ಪುಟ ಕಳಿಸಿದರೆ, ಬಂದ ಕ್ರಮದಲ್ಲೇ ಪ್ರಿಂಟರ್ ಅವನ್ನು ಒಂದು ಹಾಳೆಯ ಮೇಲೆ ಕೂರಿಸುತ್ತದೆ. ಒಂದು ಹಾಳೆಗೆ ಒಂದೇ ಪುಟವಾದರೆ ಎರಡೂ ಒಂದೇ, ಯಾವ ವ್ಯತ್ಯಾಸವೂ ಇಲ್ಲ. ಇಪ್ಪತ್ತೆರಡು ವರ್ಷ ನಾನು ರಿವರ್ಸ್ ಹಾಕಿದ್ದೆಲ್ಲ ಒಂದಕ್ಕೆ ಒಂದು ಇದ್ದಾಗಲೇ. ಎಲ್ಲ ಕಂಪ್ಯೂಟರಿನಲ್ಲೂ ಹೀಗೇ ಇರುತ್ತದೆ ಎಂದಲ್ಲ, ನನ್ನ ಕಂಪ್ಯೂಟರಿನಲ್ಲಿ ಹೀಗಿತ್ತು, ನಾನು ನೋಡಿರಲಿಲ್ಲ.

ಡಬ್ಬಿಯಲ್ಲಿ ಕಳಿಸದೆ ಉಳಿದಿದ್ದ ಒಂದು ಸೆಟ್ ಮೇಜಿನ ಮೇಲಿತ್ತು. ಮೊದಲ ಸಲ ಅದನ್ನು ಎಡದಿಂದ ಬಲಕ್ಕೆ ಓದಿದೆ. ನಳಿಕೆಗೆ ಸಿರಿಂಜಿನಲ್ಲಿ ನೀರು ಹಾಕಿ. ನಳಿಕೆಯ ಗುರುತು ಮೂಗಿನ ಬಳಿಯೇ ಇದೆಯೇ ನೋಡಿ, ಜಾರಿದ್ದರೆ ಏನನ್ನೂ ಹಾಕಬೇಡಿ. ಎಬ್ಬಿಸಿ ಕೂರಿಸಿ. ಕೈ ತೊಳೆಯಿರಿ. ಎರಡನೇ ಹಾಳೆ: ಒಂದು ಗಂಟೆ ಕೂತೇ ಇರಲಿ. ಮುಚ್ಚಳ ಹಾಕಿ. ಮತ್ತೆ ನೀರು. ಕೊನೆಗೆ ಊಟ.

ನಾನು ನರ್ಸಲ್ಲ. ಆದರೂ ನೀರು ಹಾಕಿ ಆಮೇಲೆ ನಳಿಕೆ ನೋಡುವುದು ಎಂದರೆ ಏನೆಂದು ಅರ್ಥವಾಗಲು ನರ್ಸಾಗಬೇಕಿಲ್ಲ.

ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ಓಡಿದೆ. ಲಿಫ್ಟಿಗೆ ಕಾಯುವಷ್ಟು ನನ್ನಲ್ಲಿ ತಾಳ್ಮೆ ಇರಲಿಲ್ಲ. ಪಾಠದ ಸಿಸ್ಟರ್ ಕುರ್ಚಿಗಳನ್ನು ಸರಿಸುತ್ತಿದ್ದರು.

“ಎಷ್ಟು ಜನಕ್ಕೆ ಕೊಟ್ರಿ? ಕಾಗದ, ಕಾಗದ!”

“ಹನ್ನೆರಡು ಮನೆಯವರಿಗೆ. ಹೋಗೋವಾಗ ಬಾಗಿಲಲ್ಲಿ ಕೊಟ್ಟೆ. ಯಾಕಕ್ಕಾ, ಹೀಗೆ ಏದುಸಿರು ಬಿಡ್ತಿದ್ದೀರಿ?”

ಹಾಳೆ ಮುಂದೆ ಹಿಡಿದು ಬೆರಳಿಟ್ಟು ತೋರಿಸಿದೆ, ಇದು, ಆಮೇಲೆ ಇದು, ಆಮೇಲೆ ಇದು. ಸಿಸ್ಟರ್ ಮುಖದ ನಗು ಹೋಯಿತು.

“ಹನ್ನೊಂದು ಜನ ವಾರ್ಡಲ್ಲೇ ಇದ್ದಾರೆ, ಸಂಜೆ ಹೋಗೋದು. ಒಬ್ಬರು ಮಾತ್ರ...” ಎಂದವರು ಗಡಿಯಾರ ನೋಡಿದರು. “ಗಡಿಯಾರ ರಿಪೇರಿಯವರು. ಅವರ ಅಕ್ಕನಿಗೆ ಪಾರ್ಶ್ವವಾಯು ಆಗಿತ್ತಲ್ಲ, ಹನ್ನೊಂದಕ್ಕೇ ಡಿಸ್ಚಾರ್ಜ್ ಆಗಿ ಹೋದ್ರು. ಹನ್ನೆರಡಕ್ಕೆ ಊಟ ಅಂತ ನಾನೇ ಬರೆದುಕೊಟ್ಟಿದ್ದೀನಿ.”

“ಹನ್ನೆರಡು ಅಂದ್ರೆ?”

“ಹನ್ನೆರಡು ಅಂದ್ರೆ ಹನ್ನೆರಡೇ. ಅವರು ಗಡಿಯಾರದವರಕ್ಕಾ. ವಾರ್ಡಲ್ಲಿ ಔಷಧಿ ಎರಡು ನಿಮಿಷ ತಡ ಆದ್ರೆ ಬಂದು ನಿಲ್ತಿದ್ರು.”

ಫೋನು ಮಾಡಿದರೆ ಬಾರಿಸಿ ಬಾರಿಸಿ ನಿಂತಿತು. ಎರಡನೇ ಸಲ ಹಚ್ಚುವಾಗ ಸಿಸ್ಟರ್ ನನ್ನ ಕೈ ಹಿಡಿದು, “ಬೇಡ. ಅವರಿಗೆ ಕಿವಿ ಕೇಳ್ಸಲ್ಲ,” ಎಂದರು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ರೇಗಬೇಕೆನಿಸಿತು, ರೇಗುವ ಮುಖ ನನಗಿರಲಿಲ್ಲ. ವಾರ್ಡಿನಲ್ಲಿರುವ ಹನ್ನೊಂದು ಸೆಟ್ಟನ್ನು ಈಗಿಂದೀಗಲೇ ವಾಪಸು ತೆಗೆದುಕೊಳ್ಳಲು ಇನ್ನೊಬ್ಬ ಸಿಸ್ಟರಿಗೆ ಹೇಳಿ, ಡಿಸ್ಚಾರ್ಜ್ ಪುಸ್ತಕದಲ್ಲಿ ವಿಳಾಸ ನೋಡಿಕೊಂಡು ಇಬ್ಬರೂ ಇಳಿದೆವು. ಎರಡು ಬೀದಿ ಆಚೆ, ಅಂಗಡಿ ಮೇಲಿನ ಮನೆ. ಹನ್ನೆರಡಕ್ಕೆ ಒಂಬತ್ತು ನಿಮಿಷ.

ನಾನು ಓಡಿ ಎಷ್ಟು ವರ್ಷವಾಗಿತ್ತೋ. ನನ್ನ ಚಪ್ಪಲಿ ಓಡುವ ಚಪ್ಪಲಿಯಲ್ಲ, ನನ್ನ ಮೈಯೂ ಓಡುವ ಮೈಯಲ್ಲ. ರಸ್ತೆಯ ಮಧ್ಯೆ ಪೈಪಿಗೆಂದು ಅಗೆದು ಹಾಕಿದ್ದರು, ಹಲಗೆಯ ಮೇಲೆ ಒಬ್ಬೊಬ್ಬರೇ ದಾಟಬೇಕು. ಮುಂದೆ ಒಬ್ಬಾಕೆ ಎರಡೂ ಕೈಯಲ್ಲಿ ಚೀಲ ಹಿಡಿದು ಮೆರವಣಿಗೆ ಹೋದಂತೆ ಹೋಗುತ್ತಿದ್ದಳು. “ತಾಯಿ, ಸ್ವಲ್ಪ ಬೇಗ!” ಎಂದೆ. “ಯಾಕಮ್ಮಾ, ಹಿಂದೆ ಹುಲಿ ಬರ್ತಾ ಇದೆಯಾ?” ಎಂದು ಆಕೆ ನಿಂತೇಬಿಟ್ಟಳು. ಸಿಸ್ಟರ್ ಹಲಗೆ ಬಿಟ್ಟು ಮಣ್ಣಿಗೇ ಇಳಿದು ದಾಟಿದರು. ನಾನೂ ಇಳಿದೆ, ಮೊಣಕಾಲ ತನಕ ಮಣ್ಣಾಯಿತು. ತಲೆಯಲ್ಲಿ ಒಂದೇ ಯೋಚನೆ: ಆತ ಈಗ ಏನು ಮಾಡುತ್ತಿರಬಹುದು? ನೀರು ಕಾಯಿಸಿ ಆರಿಸಿದ್ದಾನೆಯೇ, ಸಿರಿಂಜು ತೊಳೆದಿದ್ದಾನೆಯೇ, ಹಾಳೆ ಮುಂದಿಟ್ಟುಕೊಂಡಿದ್ದಾನೆಯೇ?

ಅಂಗಡಿ ಸಿಕ್ಕಿತು, ಬೀಗ ಹಾಕಿತ್ತು. ಪಕ್ಕದ ಮೆಟ್ಟಿಲು ಹತ್ತಿದರೆ ಮುಚ್ಚಿದ ಬಾಗಿಲು. ಎರಡೂ ಕೈಯಲ್ಲಿ ಬಡಿದೆ. ಸಿಸ್ಟರೂ ಬಡಿದರು. ಕೆಳಗಿನ ದರ್ಜಿ ಅಂಗಡಿಯವನು ಕತ್ತರಿ ಹಿಡಿದೇ ಹೊರಬಂದು ನಮ್ಮನ್ನು ಮೇಲೆ ಕೆಳಗೆ ನೋಡಿದ.

“ಬಾಗಿಲು ಮುರಿದ್ರೂ ಅವರಿಗೆ ಕೇಳ್ಸಲ್ಲ. ಆ ಗುಂಡಿ ಒತ್ತಿ, ಒಳಗೆ ದೀಪ ಹತ್ತತ್ತೆ.”

ಗುಂಡಿ ಕಣ್ಣೆದುರೇ ಇತ್ತು. ಒತ್ತಿದೆ, ಬಿಟ್ಟೆ, ಒತ್ತಿದೆ. ಒಳಗೆ ಹೆಜ್ಜೆಯ ಸದ್ದು ಬಂತು. ಆ ಸದ್ದು ಎಷ್ಟು ನಿಧಾನವಾಗಿತ್ತು ಎಂದರೆ, ನನಗೆ ಅಳು ಬರುವಂತಾಯಿತು.

ಬಾಗಿಲು ತೆರೆದವರಿಗೆ ಅರವತ್ತರ ಮೇಲಾಗಿರಬೇಕು. ಒಗೆದ ಬಿಳಿ ಅಂಗಿ, ತೋಳು ಮಡಿಸಿತ್ತು. ಬಲಗೈಯಲ್ಲಿ ನೀರು ತುಂಬಿದ ಸಿರಿಂಜು. ಸಿಸ್ಟರನ್ನು ನೋಡಿ ಸಂತೋಷದಿಂದ, “ಬನ್ನಿ, ಬನ್ನಿ, ಸರಿಯಾದ ಹೊತ್ತಿಗೆ ಬಂದ್ರಿ. ಈಗ ಶುರು ಮಾಡೋದ್ರಲ್ಲಿದ್ದೆ,” ಎಂದರು.

ನಾನು ಅವರ ಕೈಯಿಂದ ಸಿರಿಂಜು ಕಿತ್ತುಕೊಂಡೆ. ಕಿತ್ತುಕೊಂಡೆ ಎಂದೇ ಹೇಳಬೇಕು, ಬೇರೆ ಮರ್ಯಾದೆಯ ಮಾತಿಲ್ಲ. ಅವರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು.

ಒಳಗಿನ ಕೋಣೆಯಲ್ಲಿ ಅವರ ಅಕ್ಕ ಒಂದೇ ದಿಂಬಿನ ಮೇಲೆ ಮಲಗಿದ್ದರು, ಬಿಳಿ ಕೂದಲು ಬಾಚಿ ಜಡೆ ಹಾಕಿತ್ತು. ಮಂಚದ ಪಕ್ಕದ ಗೋಡೆಗೆ ನನ್ನ ಎರಡು ಹಾಳೆಗಳನ್ನು ಪಿನ್ನು ಬಿಚ್ಚಿ, ಒಂದರ ಕೆಳಗೊಂದು, ಮೂಲೆಗೆ ಮೂಲೆ ಕೂಡಿಸಿ ಅಂಟಿಸಿದ್ದರು. ಚಿಕ್ಕ ಮೇಜಿನ ಮೇಲೆ ಬಟ್ಟೆ ಹಾಸಿ ಅದರ ಮೇಲೆ ಬಟ್ಟಲು, ಲೋಟ, ಹತ್ತಿ ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಗೋಡೆಯ ಮೇಲಿನ ಗಡಿಯಾರದಲ್ಲಿ ಹನ್ನೆರಡು ದಾಟಿ ಒಂದು ನಿಮಿಷ.

ಸಿಸ್ಟರ್ ಮಂಡಿಯೂರಿ ಆಕೆಯ ಮೂಗಿನ ಬಳಿ ನೋಡಿದರು. ಅಂಟುಪಟ್ಟಿ ಒಂದು ಬದಿ ಬಿಟ್ಟಿತ್ತು. ನಳಿಕೆಯ ಮೇಲಿನ ಕಪ್ಪು ಗುರುತು ಮೂಗಿನ ತುದಿಯಲ್ಲಿ ಇರಬೇಕಾದದ್ದು ಆಚೆಗೆ ಬಂದಿತ್ತು. ಸಿಸ್ಟರ್ ಬೆರಳಿಟ್ಟು ಅಳೆದರು.

“ನಾಲ್ಕು ಬೆರಳು ಹೊರಗೆ ಬಂದಿದೆ,” ಎಂದರು ನನ್ನ ಕಡೆ ತಿರುಗದೆ. “ಮೆಟ್ಟಿಲು ಹತ್ತಿಸೋವಾಗ ಎಳೆದಿರ್ಬೇಕು. ತುದಿ ಹೊಟ್ಟೇಲೇ ಇದೆಯೋ, ಶ್ವಾಸನಾಳದ ಹತ್ತಿರ ಬಂದಿದೆಯೋ ಹೇಳೋಕಾಗಲ್ಲ.”

“ಹಾಕಿದ್ರೆ?”

“ನೀರು ಎಲ್ಲಿಗೆ ಹೋಗ್ತಿತ್ತು ಅಂತ ಕೇಳ್ಬೇಡಿ.”

ಕೇಳಲಿಲ್ಲ. ಗೋಡೆಗೆ ಒರಗಿ ನಿಂತೆ. ಸಿರಿಂಜು ಇನ್ನೂ ನನ್ನ ಕೈಯಲ್ಲೇ ಇತ್ತು. ಸಿಸ್ಟರ್ ಫೋನು ಮಾಡಿ ಆಸ್ಪತ್ರೆಯ ಗಾಡಿ ಕರೆಸುತ್ತಿದ್ದರು. ಗಡಿಯಾರದವರು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು, ಏನೋ ತಪ್ಪಾಗಿದೆ ಎಂದು ಗೊತ್ತಾಗಿ ತಮ್ಮ ಎರಡು ಕೈಗಳನ್ನೇ ನೋಡಿಕೊಂಡರು.

“ನನ್ನಿಂದ ಏನಾದ್ರೂ...?”

“ನಿಮ್ಮಿಂದ ಅಲ್ಲ,” ಎಂದೆ. ಕೇಳಿಸುವುದಿಲ್ಲ ಎಂದು ಮರೆತು ಕೂಗಿಯೇ ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು, ಅರ್ಥವಾಯಿತು ಎಂದು ತಲೆಯಾಡಿಸಿದರು. ಆಗ ಗೋಡೆಯ ಹಾಳೆ ತೋರಿಸಿ, “ಇದು ತಪ್ಪು. ಚಿತ್ರ ಹಿಂದುಮುಂದಾಗಿದೆ. ಅಚ್ಚು ಹಾಕಿದ್ದು ನಾನು,” ಎಂದೆ.

ಅವರು ಹಾಳೆಯ ಹತ್ತಿರ ಹೋಗಿ ತುಂಬ ಹೊತ್ತು ನೋಡಿದರು.

“ಬೆಳಿಗ್ಗೆ ಕ್ಲಾಸಲ್ಲಿ ಈ ತಾಯಿ ನನ್ನ ಕೈ ಹಿಡಿದು ಮಾಡಿಸಿದ್ರು,” ಎಂದರು ಸಿಸ್ಟರ್ ಕಡೆ ತೋರಿಸಿ. “ಮೊದಲು ಕೈ ತೊಳೆದಿದ್ದು ನೆನಪಿತ್ತು. ಆದರೆ ಅವರು ಮುಖಕ್ಕೆ ಮಾಸ್ಕ್ ಹಾಕಿದ್ರು, ತುಟಿ ಕಾಣ್ಲಿಲ್ಲ, ಏನು ಹೇಳಿದ್ರೋ ತಿಳೀಲಿಲ್ಲ. ಮನೇಗೆ ಬಂದು ಕಾಗದ ನೋಡಿದೆ. ಬೇರೆ ಥರ ಇತ್ತು. ಕೈಯಂತೂ ತೊಳ್ಕೊಂಡೆ, ಅದು ಅಭ್ಯಾಸ. ಮಿಕ್ಕಿದ್ದೆಲ್ಲ ನನಗೇ ಮರೆತುಹೋಗಿದೆ ಅನ್ಕೊಂಡೆ. ಅಚ್ಚಾಗಿರೋದು ತಪ್ಪಿರತ್ತಾ ಅಂತ.”

ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಬೈಗುಳಕ್ಕೆ ಎದುರು ಬೈಗುಳ ನನ್ನ ನಾಲಿಗೆ ತುದಿಯಲ್ಲೇ ಇರುತ್ತದೆ.

ಗಾಡಿ ಬಂತು. ಆಕೆಯನ್ನು ಇಳಿಸುವಾಗ ನಳಿಕೆಯನ್ನು ಸಿಸ್ಟರ್ ತಾವೇ ಹಿಡಿದುಕೊಂಡರು. ನಾನು ಗೋಡೆಯ ಹಾಳೆಗಳನ್ನು ಕಿತ್ತು ಮಡಚಿಕೊಂಡು ಹಿಂದೆ ಹೋದೆ.

ಆಸ್ಪತ್ರೆಯಲ್ಲಿ ಹೊಸ ನಳಿಕೆ ಹಾಕಿ, ಎಕ್ಸ್‌ರೇ ತೆಗೆದು, ತುದಿ ಹೊಟ್ಟೆಯಲ್ಲಿದೆ ಎಂದು ಡಾಕ್ಟರು ಹೇಳುವಷ್ಟರಲ್ಲಿ ಎರಡು ಗಂಟೆ. ಅಷ್ಟರಲ್ಲಿ ನಾನು ನನ್ನ ರೂಮಿಗೆ ಇಳಿದಿದ್ದೆ. ಡಬ್ಬಿಯಲ್ಲಿ ಉಳಿದವು, ವಾರ್ಡಿನಿಂದ ವಾಪಸು ಬಂದವು, ನಾನು ತಂದದ್ದು, ಮೇಜಿನ ಮೇಲಿದ್ದದ್ದು, ಅರವತ್ತೂ ಇವೆಯೇ ಎಂದು ಎಣಿಸಿದೆ. ಎಲ್ಲವನ್ನೂ ಹರಿದೆ. ಹರಿಯುವ ಯಂತ್ರ ಇದೆ, ಆದರೂ ಕೈಯಲ್ಲೇ ಹರಿದೆ.

ಸಿಸ್ಟರ್ ಪ್ರತಿ ಚಿತ್ರದ ಮೂಲೆಗೂ ಅಂಕೆ ಹಾಕಿ ಕೊಟ್ಟರು. ಮೊದಲ ಕಿಟಕಿಯ ರಿವರ್ಸ್ ಗುರುತು ತೆಗೆದೆ. ಅದರ ಹಿಂದೆ ಪ್ರಿಂಟರಿನದೇ ಇನ್ನೊಂದು ಕಿಟಕಿ ಇದೆ, ಅಲ್ಲಿ ಹಿಂದಿನಿಂದ ಮುಂದಕ್ಕೆ ಬೇಕೇ ಎಂದು ಕೇಳುತ್ತದೆ. ಅದು ನಾಲ್ಕು ನಾಲ್ಕು ಪುಟ ಹಾಳೆಯ ಮೇಲೆ ಕೂತಾದ ಮೇಲೆ ಹಾಳೆಗಳನ್ನು ತಿರುಗಿಸುತ್ತದೆ, ಪುಟಗಳ ಗೊಡವೆಗೆ ಹೋಗುವುದಿಲ್ಲ. ಅಲ್ಲಿ ಗುರುತು ಹಾಕಿ, ಒಂದೇ ಒಂದು ಸೆಟ್ ಬಿಟ್ಟೆ. ಎರಡನೇ ಹಾಳೆ ಮೊದಲು ಬಂತು, ಒಂದನೆಯದು ಅದರ ಮೇಲೆ ಬಿತ್ತು. ಮೇಜಿನ ಮೇಲೆ ಹರಡಿ ಬೆರಳಿಟ್ಟು ಓದಿದೆ. ಒಂದು, ಎರಡು, ಕೆಳಗೆ ಮೂರು, ನಾಲ್ಕು. ಎರಡನೇ ಹಾಳೆ, ಐದು, ಆರು, ಏಳು, ಎಂಟು. ಮತ್ತೊಮ್ಮೆ ಓದಿದೆ. ಸಾಲದು ಎನಿಸಿ ಉಗ್ರಾಣದವನನ್ನು ಕರೆದು, “ಇದನ್ನ ಓದು, ಏನು ಮಾಡ್ಬೇಕು ಹೇಳು,” ಎಂದೆ. ಅವನು ಓದಿ ಹೇಳಿದ. ನನಗೆ ಹುಚ್ಚು ಹಿಡಿದಿದೆ ಎಂದುಕೊಂಡನೋ ಏನೋ, ತಲೆಯಾಡಿಸಿಕೊಂಡು ಹೋದ.

ಆ ಸೆಟ್ ಹಿಡಿದು ವಾರ್ಡಿಗೆ ನಾನೇ ಹೋದೆ. ಬೇರೆಯವರ ಕೈಯಲ್ಲಿ ಕಳಿಸಬಹುದಿತ್ತು. ಕಾಲು ಮೆಟ್ಟಿಲು ಹತ್ತಲು ಒಪ್ಪುತ್ತಿರಲಿಲ್ಲ, ಮನಸ್ಸು ಕೂರಲು ಒಪ್ಪುತ್ತಿರಲಿಲ್ಲ.

ಗಡಿಯಾರದವರು ಅಕ್ಕನ ಹಾಸಿಗೆಯ ಪಕ್ಕ ಕೂತಿದ್ದರು. ಹಾಳೆ ಕೊಟ್ಟೆ. ಕೈ ಒರೆಸಿಕೊಂಡು ತೆಗೆದುಕೊಂಡರು, ಕನ್ನಡಕ ಸರಿಮಾಡಿಕೊಂಡು ಎಂಟೂ ಚಿತ್ರ ನೋಡಿದರು. ಸರಿ ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ.

“ಇದನ್ನ ಯಾರು ಓದಿ ನೋಡಿದ್ದಾರೆ?” ಎಂದು ಕೇಳಿದರು.

ಕೊಂಕಿನಿಂದ ಕೇಳಲಿಲ್ಲ. ಒಂದು ಗಡಿಯಾರ ಕೈಗೆ ಬಂದರೆ ಇದನ್ನು ಮೊದಲು ಯಾರು ಬಿಚ್ಚಿದ್ದರು ಎಂದು ಕೇಳುವ ಹಾಗೆ ಕೇಳಿದರು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಲಕ್ಷ ಹಾಳೆ ನನ್ನ ಕೈಯಿಂದ ಹೋಗಿವೆಯೋ ಲೆಕ್ಕವಿಲ್ಲ. ಯಾರೂ ಈ ಪ್ರಶ್ನೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

“ನಾನು,” ಎಂದೆ. “ಎರಡು ಸಲ. ಇನ್ನೊಬ್ಬರಿಂದಲೂ ಓದಿಸಿದೆ.”

“ಸರಿ. ಹಾಗಾದ್ರೆ ನೀವು ಓದಿ ಹೇಳಿ, ನಾನು ಮಾಡ್ತೀನಿ. ನಿಮ್ಮ ತುಟಿ ನನಗೆ ಚೆನ್ನಾಗಿ ತಿಳಿಯತ್ತೆ. ಮನೇಲಿ ಕೂಗಿದ್ರಲ್ಲ, ಎಲ್ಲ ತಿಳೀತು.”

ಸಿಸ್ಟರ್ ಪಕ್ಕಕ್ಕೆ ಸರಿದು ನಿಂತರು, ಕೈ ಮಾತ್ರ ಹತ್ತಿರವೇ ಇಟ್ಟುಕೊಂಡರು. ನಾನು ಹಾಸಿಗೆಯ ಕಾಲ ಬಳಿ ನಿಂತು, ಹಾಳೆಯನ್ನು ಎದೆಯ ಮಟ್ಟಕ್ಕೆ ಹಿಡಿದು, ಬಾಯಿ ಅಗಲಿಸಿ ಓದಿದೆ. ಕೈ ತೊಳೆಯಿರಿ. ಅವರು ಎದ್ದು ಹೋಗಿ ಮೊಣಕೈ ತನಕ ತೊಳೆದು ಬಂದರು. ಎಬ್ಬಿಸಿ ಕೂರಿಸಿ. ಬೆನ್ನಿಗೆ ದಿಂಬು ಕೊಟ್ಟು ಅಕ್ಕನನ್ನು ಕೂರಿಸಿದರು, ಆಕೆಯ ಎಡಗೈ ಜಾರಿತು, ಎತ್ತಿ ಮಡಿಲಲ್ಲಿ ಇಟ್ಟರು. ಗುರುತು ನೋಡಿ. ಅವರು ಬಾಗಿ, ಗಡಿಯಾರದೊಳಗೆ ನೋಡುವ ಹಾಗೆ ಒಂದು ಕಣ್ಣು ಕಿರಿದು ಮಾಡಿ ನೋಡಿದರು. ಮುಂದಿನದನ್ನು ಓದದೆ ಆ ಚಿತ್ರದ ಮೇಲೇ ಬೆರಳಿಟ್ಟುಕೊಂಡೆ. ಅವರು ತಲೆ ಎತ್ತಿ ಕಾದರು. ಗುರುತು ಮೂಗಿನ ಬಳಿಯೇ ಇದೆಯಾ ಎಂದು ಕೇಳಿದೆ. ಇದೆ ಎಂದರು. ಆಮೇಲೆ ನೀರು, ಆಮೇಲೆ ಊಟ, ನಿಧಾನ, ಇನ್ನೂ ನಿಧಾನ. ಮತ್ತೆ ನೀರು. ಮುಚ್ಚಳ. ಒಂದು ಗಂಟೆ ಕೂತೇ ಇರಲಿ.

ನನ್ನ ಫೋನು ಸೊಂಟದಲ್ಲಿ ಗುಂಯ್‌ಗುಟ್ಟುತ್ತಲೇ ಇತ್ತು. ಫಿಸಿಯೋ ಸರ್ ಇರಬೇಕು, ಅವರ ಹದಿನೆಂಟು ಪುಟ ಇನ್ನೂ ಹಿಂದುಮುಂದಾಗೇ ಬಿದ್ದಿತ್ತು. ತೆಗೆಯಲಿಲ್ಲ.

“ನಿಮಗೆ ಕೆಲಸ ಇದೆ, ಹೋಗಿ,” ಎಂದರು ಗಡಿಯಾರದವರು. ಅಕ್ಕನ ಗಲ್ಲ ಒರೆಸಿ, ಹಾಳೆಯ ಕಡೆ ಕೈ ನೀಡಿದರು. “ನಾಳೆಯಿಂದ ಮನೇಲಿ ನಾನು, ಇವಳು, ಈ ಕಾಗದ, ಅಷ್ಟೇ. ಕೇಳೋಣ ಅಂದ್ರೆ ಬೇರೆ ಯಾರೂ ಇರಲ್ಲ.”

ಕೊಡಬೇಕೆಂದು ಕೈ ಮುಂದೆ ಮಾಡಿದವಳು ಕೊಡಲಾಗದೆ, ಹಾಳೆಯನ್ನು ನನ್ನ ಕಡೆಗೇ ತಿರುಗಿಸಿಕೊಂಡು ಒಂದನೇ ಚಿತ್ರದಿಂದ ಮತ್ತೆ ಓದತೊಡಗಿದೆ.